ಲೋಡ್ ಇರುವ ಬೆಲ್ಟ್ ಎಳೆಯುವಾಗ ಪ್ಲಗ್ ಕರಗುತ್ತಿದೆಯೇ? ಫ್ಲೂಯಿಡ್ ಕಪ್ಲಿಂಗ್‌ಗೆ ಆಯಿಲ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕನ್ವೇಯರ್‌ಗಳಲ್ಲಿ, ಕುಡತಿನಿ, ಶಕ್ತಿನಗರದ ಕಲ್ಲಿದ್ದಲ ಬೆಲ್ಟ್‌ಗಳಲ್ಲಿ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. ಬೆಳಗಿನ ಶಿಫ್ಟ್‌ನಲ್ಲಿ ಬೆಲ್ಟ್ ಸರಿಯಾಗಿ ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ಎರಡು ಸಲ ಟ್ರಿಪ್ ಆಗಿ ಮತ್ತೆ ಸ್ಟಾರ್ಟ್ ಮಾಡಿದರೆ ಕಪ್ಲಿಂಗ್‌ನ ಫ್ಯೂಸಿಬಲ್ ಪ್ಲಗ್ ಕರಗಿ ಆಯಿಲ್ ಎಲ್ಲಾ ಹೊರಗೆ ಚಿಮ್ಮುತ್ತದೆ. ಹೊಸ ಪ್ಲಗ್ ಹಾಕಿ, ಕೈಗೆ ಸಿಕ್ಕಷ್ಟು ಆಯಿಲ್ ತುಂಬಿ ಓಡಿಸುತ್ತಾರೆ. ಒಂದು ವಾರ ಬಿಟ್ಟು ಅದೇ ಕಥೆ.

ಪ್ಲಗ್‌ನಲ್ಲಿ ತಪ್ಪಿಲ್ಲ. ಅಳತೆ ಇಲ್ಲದೆ ತುಂಬಿದ ಆಯಿಲ್, ಲೆಕ್ಕ ಇಲ್ಲದ ರೀಸ್ಟಾರ್ಟ್, ತಡವಾಗಿ ಎಚ್ಚೆತ್ತುಕೊಳ್ಳುವ ಟ್ರಿಪ್ ಸರ್ಕ್ಯೂಟ್, ಈ ಮೂರರಲ್ಲಿ ಒಂದು ಕಾರಣವಾಗಿರುವುದೇ ಜಾಸ್ತಿ. ಇಲ್ಲಿ ಹೇಳುವುದು ಒಳಗಿನ ಆಯಿಲ್ ಪ್ರಮಾಣ ಓಡುವಾಗ ಬದಲಾಗದ ಮಾದರಿಯ ಕಪ್ಲಿಂಗ್ ಬಗ್ಗೆ. ನಮ್ಮ ಕಡೆ ಕನ್ವೇಯರ್‌ಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಸ್ಕೂಪ್ ಕೊಳವೆ ಇರುವ, ವೇಗ ಬದಲಿಸುವ ಮಾದರಿಗೆ ಇದು ಅನ್ವಯಿಸುವುದಿಲ್ಲ.

## ಮೊದಲು: ಸ್ಲಿಪ್ ಏನು ಮಾಡುತ್ತದೆ

ಕಪ್ಲಿಂಗ್ ಒಳಗೆ ಎದುರುಬದುರಾಗಿ ಎರಡು ಚಕ್ರಗಳಿವೆ. ಮೋಟಾರ್ ಕಡೆಯದು ಇಂಪೆಲ್ಲರ್, ಗೇರ್‌ಬಾಕ್ಸ್ ಕಡೆಯದು ರನ್ನರ್. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಇಂಪೆಲ್ಲರ್ ಎಸೆಯುವ ಆಯಿಲ್ ರನ್ನರ್‌ಗೆ ಬಡಿದು ಅದನ್ನು ತಿರುಗಿಸುತ್ತದೆ. ಆಯಿಲ್ ಹೀಗೆ ಸುತ್ತಬೇಕಾದರೆ ರನ್ನರ್ ಸ್ವಲ್ಪ ಹಿಂದೆ ಬೀಳಲೇಬೇಕು. ಈ ಹಿಂದೆ ಬೀಳುವಿಕೆಯೇ ಸ್ಲಿಪ್.

ಕಪ್ಲಿಂಗ್ ಸಾಗಿಸುವ ಟಾರ್ಕ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೋಟಾರ್ ಅರ್ಧ ವೇಗದಲ್ಲಿದ್ದಾಗ ಪೂರ್ತಿ ವೇಗದ ಕಾಲು ಭಾಗದಷ್ಟು ಟಾರ್ಕ್ ಮಾತ್ರ ಅದರ ಮೇಲೆ ಬೀಳುತ್ತದೆ. ಹಾಗಾಗಿ ಬೆಲ್ಟ್ ಮೇಲೆ ಅದಿರು ತುಂಬಿದ್ದರೂ ಮೋಟಾರ್ ಮೊದಲು ಹಗುರವಾಗಿ ತನ್ನ ವೇಗಕ್ಕೆ ಬಂದುಬಿಡುತ್ತದೆ. ಆಮೇಲೆ ಬೆಲ್ಟ್ ನಿಧಾನವಾಗಿ ಹಿಂಬಾಲಿಸುತ್ತದೆ. ಸಾಫ್ಟ್ ಸ್ಟಾರ್ಟ್ ಎಂದರೆ ಇಷ್ಟೇ. ಸ್ವಿಚ್ ಹಾಕಿದ ಕ್ಷಣದ ಕರೆಂಟ್ ಇದರಿಂದ ಕಡಿಮೆಯಾಗುವುದಿಲ್ಲ, ಆ ದೊಡ್ಡ ಕರೆಂಟ್ ಇರುವ ಸಮಯ ಕಡಿಮೆಯಾಗುತ್ತದೆ.

ಇದಕ್ಕೆ ಬೆಲೆ ಬಿಸಿ. ಇಂಪೆಲ್ಲರ್‌ಗೂ ರನ್ನರ್‌ಗೂ ಟಾರ್ಕ್ ಒಂದೇ, ವೇಗ ಮಾತ್ರ ಬೇರೆ. ಆ ವ್ಯತ್ಯಾಸದಷ್ಟು ಶಕ್ತಿ ಪೂರ್ತಿಯಾಗಿ ಆಯಿಲ್‌ನಲ್ಲಿ ಬಿಸಿಯಾಗುತ್ತದೆ. ಬೆಲ್ಟ್ ನಿಂತಿದ್ದು ಮೋಟಾರ್ ತಿರುಗುತ್ತಿದ್ದರೆ ಸ್ಲಿಪ್ ನೂರಕ್ಕೆ ನೂರು. ಆಗ ಮೋಟಾರ್ ಕೊಡುವುದೆಲ್ಲವೂ ಬಿಸಿಯೇ.

## ಹಂತ 1: ಸಾಮಾನು ಮತ್ತು ಸುರಕ್ಷತೆ

ಕೆಲಸಕ್ಕೆ ಮುಂಚೆ ಇವಿಷ್ಟು ಕೈಯಲ್ಲಿರಲಿ:

- ತಾಗಿಸದೆ ವೇಗ ಅಳೆಯುವ ಟ್ಯಾಕೋಮೀಟರ್, ಅಂಟಿಸಲು ರಿಫ್ಲೆಕ್ಟರ್ ಪಟ್ಟಿ
- ಕ್ಲಾಂಪ್ ಮೀಟರ್ ಮತ್ತು ಸ್ಟಾಪ್‌ವಾಚ್
- ಇನ್‌ಫ್ರಾರೆಡ್ ಥರ್ಮಾಮೀಟರ್
- ಗುರುತುಗಳಿರುವ ಲೀಟರ್ ಜಾರ್, ಸಣ್ಣ ಜಾಲರಿ ಇರುವ ಫನಲ್
- ಡಯಲ್ ಗೇಜ್
- ಕಂಪನಿಯ ಆಯಿಲ್ ಚಾರ್ಟ್, ಅದೇ ತಾಪಮಾನದ ಬದಲಿ ಪ್ಲಗ್

ಪರ್ಮಿಟ್ ತೆಗೆದುಕೊಂಡು, ಬ್ರೇಕರ್ ಬಿಚ್ಚಿ, ಬೀಗ ಹಾಕಿ, ಟ್ಯಾಗ್ ಕಟ್ಟಿ. ಏರು ಬೆಲ್ಟ್ ಆದರೆ ಹೋಲ್ಡ್‌ಬ್ಯಾಕ್ ಹಿಡಿದಿದೆಯೇ ನೋಡಿಕೊಳ್ಳಿ. ಬಿಸಿ ಇರುವಾಗ ಫಿಲ್ಲಿಂಗ್ ಪ್ಲಗ್ ಬಿಚ್ಚಲೇಬೇಡಿ. ಒಳಗೆ ಒತ್ತಡ ಇರುತ್ತದೆ, ಕುದಿಯುವ ಆಯಿಲ್ ಮುಖಕ್ಕೆ ಹಾರುತ್ತದೆ. ಹೊರಮೈ ಮೇಲೆ ಕೈ ಇಟ್ಟುಕೊಳ್ಳುವಷ್ಟು ತಣ್ಣಗಾಗುವವರೆಗೆ ಕಾಯಿರಿ.

## ಹಂತ 2: ನಿಮ್ಮ ಡ್ರೈವ್‌ನ ಲೆಕ್ಕ ಬರೆದುಕೊಳ್ಳಿ

ಇದನ್ನು ಎಲ್ಲರೂ ಬಿಡುತ್ತಾರೆ. ಆದರೆ ಲೆಕ್ಕ ಇಲ್ಲದೆ ಆಯಿಲ್ ಹೆಚ್ಚೋ ಕಡಿಮೆಯೋ ಎಂದು ಹೇಳುವುದು ಹೇಗೆ? ಒಂದು ಉದಾಹರಣೆ ತೆಗೆದುಕೊಳ್ಳೋಣ. 500 ಮೀಟರ್ ಉದ್ದದ ಅದಿರಿನ ಬೆಲ್ಟ್, ವೇಗ ಸೆಕೆಂಡಿಗೆ 2 ಮೀಟರ್, ಗಂಟೆಗೆ 1000 ಟನ್. ಮೋಟಾರ್ 110 ಕಿಲೋವ್ಯಾಟ್, 1480 ಆರ್‌ಪಿಎಂ. ಪೂರ್ತಿ ಲೋಡ್‌ನಲ್ಲಿ ಬೆಲ್ಟ್ ಓಡಲು 88 ಕಿಲೋವ್ಯಾಟ್ ಬೇಕು.

ಕಿಲೋವ್ಯಾಟ್ ಅನ್ನು 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಟಾರ್ಕ್ ಸಿಗುತ್ತದೆ. ಮೋಟಾರ್‌ನ ಪೂರ್ತಿ ಟಾರ್ಕ್ 710 ನ್ಯೂಟನ್ ಮೀಟರ್. ಬೆಲ್ಟ್ ಕೇಳುವುದು 568, ಅಂದರೆ ಶೇ. 80. ಕಪ್ಲಿಂಗ್ ಸ್ಟಾರ್ಟ್ ಸಮಯದಲ್ಲಿ ಕೊಡುವ ಟಾರ್ಕ್‌ನಲ್ಲಿ ಈ 568 ಬೆಲ್ಟ್ ಹಿಡಿದಿಡಲಿಕ್ಕೇ ಖರ್ಚಾಗುತ್ತದೆ. ಅದಕ್ಕಿಂತ ಮೇಲಿನದು ಮಾತ್ರ ವೇಗ ಏರಿಸಲು ಉಳಿಯುತ್ತದೆ.

ಈ ಬೆಲ್ಟ್‌ನಲ್ಲಿ ಅದಿರು, ಬೆಲ್ಟ್, ರೋಲರ್, ಪುಲ್ಲಿ ಎಲ್ಲಾ ಸೇರಿ ಸುಮಾರು 120 ಟನ್ ತೂಕವನ್ನು ಎಳೆದಂತೆ ಎಂದುಕೊಳ್ಳಿ. ಸ್ಟಾರ್ಟ್ ಟಾರ್ಕ್ ಸರಾಸರಿ ಶೇ. 140 ಸಿಕ್ಕರೆ ಬೆಲ್ಟ್ ಸುಮಾರು 7 ಸೆಕೆಂಡಿನಲ್ಲಿ ವೇಗಕ್ಕೆ ಬರುತ್ತದೆ, ಕಪ್ಲಿಂಗ್‌ನಲ್ಲಿ 560 ಕಿಲೋಜೂಲ್ ಬಿಸಿ ಹುಟ್ಟುತ್ತದೆ. ಶೇ. 120 ಆದರೆ 11 ಸೆಕೆಂಡ್, 720 ಕಿಲೋಜೂಲ್. ಶೇ. 100ಕ್ಕೆ ಇಳಿಸಿದರೆ 22 ಸೆಕೆಂಡ್, 1200 ಕಿಲೋಜೂಲ್.

ಈ ಮೂರು ಸಾಲನ್ನು ಇನ್ನೊಮ್ಮೆ ಓದಿ. ಸ್ಟಾರ್ಟ್ ಮೆತ್ತಗಾದಷ್ಟೂ ಬಿಸಿ ಜಾಸ್ತಿ. "ಆಯಿಲ್ ಕಡಿಮೆ ಮಾಡಿದರೆ ಬೆಲ್ಟ್‌ಗೂ ಒಳ್ಳೆಯದು, ಕಪ್ಲಿಂಗ್‌ಗೂ ಒಳ್ಳೆಯದು" ಎನ್ನುವ ನಂಬಿಕೆ ಅರ್ಧ ಮಾತ್ರ ನಿಜ. ಟಾರ್ಕ್ ಶೇ. 80ರ ಹತ್ತಿರ ಇಳಿದರಂತೂ ಬೆಲ್ಟ್ ಕದಲುವುದೇ ಇಲ್ಲ. ಅತ್ತ ಶೇ. 140ರ ಮೇಲೆ ಹೋದರೆ ಬೆಲ್ಟ್ ಜಾಯಿಂಟ್‌ಗೆ ಜಗ್ಗು ಬೀಳುತ್ತದೆ, ಡ್ರೈವ್ ಪುಲ್ಲಿ ಮೇಲೆ ಬೆಲ್ಟ್ ಜಾರುತ್ತದೆ. ಇಂಥ ಬೆಲ್ಟ್‌ಗೆ ಶೇ. 120ರಿಂದ 140ರ ನಡುವೆ ನಿಲ್ಲಿಸುವುದು ಸರಿ ಎನ್ನುವುದು ನನ್ನ ಅಭಿಪ್ರಾಯ.

## ಹಂತ 3: ಅಲೈನ್‌ಮೆಂಟ್

ಆಯಿಲ್ ಮುಟ್ಟುವ ಮೊದಲೇ ಮೋಟಾರ್ ಮತ್ತು ಗೇರ್‌ಬಾಕ್ಸ್ ಶಾಫ್ಟ್‌ಗಳನ್ನು ಡಯಲ್ ಗೇಜ್‌ನಿಂದ ನೋಡಿ. ಕಂಪನಿ ಕೊಟ್ಟ ಮಿತಿಯೊಳಗೆ ತನ್ನಿ. ರಬ್ಬರ್ ಬುಷ್‌ಗಳು ತಿಂದುಹೋಗಿದ್ದರೆ ಬದಲಿಸಿ. ಅಲೈನ್‌ಮೆಂಟ್ ಕೆಟ್ಟಿದ್ದರೆ ಆಯಿಲ್ ಸೀಲ್ ಹರಿದು ದಿನಾ ಸ್ವಲ್ಪ ಸ್ವಲ್ಪ ಸೋರುತ್ತದೆ. ನೀವು ಎಷ್ಟೇ ಚೆನ್ನಾಗಿ ಆಯಿಲ್ ಹೊಂದಿಸಿದರೂ ತಿಂಗಳಲ್ಲಿ ಅದು ಕಡಿಮೆಯಾಗಿರುತ್ತದೆ.

## ಹಂತ 4: ಆಯಿಲ್ ತುಂಬುವುದು

ಕಂಪನಿ ಬೇರೆ ಹೇಳದಿದ್ದರೆ ಐಎಸ್ಒ ವಿಜಿ 32 ದರ್ಜೆಯ ಹೈಡ್ರಾಲಿಕ್ ಅಥವಾ ಟರ್ಬೈನ್ ಆಯಿಲ್ ಹಾಕಿ. ಇದು ತೆಳು ಆಯಿಲ್. ಪಕ್ಕದಲ್ಲೇ ಗೇರ್‌ಬಾಕ್ಸ್ ಇರುವುದರಿಂದ ಅದರ ಗೇರ್ ಆಯಿಲ್ ಅನ್ನೇ ಇದಕ್ಕೂ ಸುರಿಯುವ ಅಭ್ಯಾಸ ಹಲವು ಕಡೆ ಇದೆ. ದಪ್ಪ ಆಯಿಲ್ ಒಳಗೆ ಬೇಗ ಸುತ್ತುವುದಿಲ್ಲ. ಟಾರ್ಕ್ ಇಳಿಯುತ್ತದೆ, ಸ್ಲಿಪ್ ಏರುತ್ತದೆ, ಬಿಸಿ ಏರುತ್ತದೆ. ಆಯಿಲ್‌ಗೆ ನೀರು ಸೇರಿರಬಾರದು. ನೀರು ಆವಿಯಾದರೆ ಒತ್ತಡ ಹುಟ್ಟುತ್ತದೆ.

ಹಳೆಯ ಆಯಿಲ್ ಇದ್ದರೆ ಪೂರ್ತಿ ಬಸಿಯಿರಿ. "ಮೇಲೆ ಸ್ವಲ್ಪ ಟಾಪ್‌ಅಪ್ ಮಾಡಿದರೆ ಸಾಕು" ಎಂದುಕೊಳ್ಳಬೇಡಿ. ಒಳಗೆ ಎಷ್ಟಿದೆ ಎಂದು ಗೊತ್ತಿಲ್ಲದೆ ಸೇರಿಸಿದ್ದು ಅಳತೆಯಾಗುವುದಿಲ್ಲ. ಬಸಿದದ್ದನ್ನು ಜಾರ್‌ನಲ್ಲಿ ಅಳೆದು ಬರೆದುಕೊಳ್ಳಿ. ಮೊದಲು ಎಷ್ಟಿತ್ತು ಎನ್ನುವುದು ಆಮೇಲೆ ಕಾರಣ ಹುಡುಕಲು ಬೇಕಾಗುತ್ತದೆ.

ಚಾರ್ಟ್‌ನಲ್ಲಿ ನಿಮ್ಮ ಕಪ್ಲಿಂಗ್ ಸೈಜ್, ಕಿಲೋವ್ಯಾಟ್, ಆರ್‌ಪಿಎಂ ಹುಡುಕಿ. ಅಲ್ಲಿರುವ ಲೀಟರ್‌ಗಿಂತ ಸ್ವಲ್ಪ ಕಡಿಮೆಯಿಂದ ಶುರು ಮಾಡಿ. ಚಾರ್ಟ್ ನೋಡುವಾಗ ಮೋಟಾರ್ ಪ್ಲೇಟ್‌ನ ಕಿಲೋವ್ಯಾಟ್ ಅಲ್ಲ, ಬೆಲ್ಟ್ ನಿಜವಾಗಿ ತೆಗೆದುಕೊಳ್ಳುವ ಕಿಲೋವ್ಯಾಟ್ ನೋಡಿ. ನಮ್ಮ ಉದಾಹರಣೆಯಲ್ಲಿ ಅದು 88. ಫಿಲ್ಲಿಂಗ್ ಪ್ಲಗ್ ಅನ್ನು ಮೇಲಕ್ಕೆ ತಿರುಗಿಸಿ ನಿಧಾನವಾಗಿ ಸುರಿಯಿರಿ. ತುಂಬಿದ ಮೇಲೆ ಕಪ್ಲಿಂಗ್ ಅನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ಬನ್ನಿ. ತೂತಿನ ಅಂಚಿಗೆ ಆಯಿಲ್ ಬರುವ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಆ ಕೋನಕ್ಕೆ ಪೇಂಟ್‌ನಲ್ಲಿ ಗುರುತು ಹಾಕಿ. ಮುಂದೆ ಬಸಿಯದೆಯೇ ಮಟ್ಟ ಪರೀಕ್ಷಿಸಲು ಈ ಗುರುತು ಸಾಕು.

ಒಟ್ಟು ಜಾಗದ ಶೇ. 80 ದಾಟಬೇಡಿ. ಬಿಸಿಗೆ ಆಯಿಲ್ ಹಿಗ್ಗುತ್ತದೆ. ಖಾಲಿ ಜಾಗ ಇಲ್ಲದಿದ್ದರೆ ಸೀಲ್ ಕಿತ್ತುಕೊಂಡು ಬರುತ್ತದೆ, ಹೊರಕವಚವೇ ಒಡೆಯಲೂಬಹುದು.

## ಹಂತ 5: ಖಾಲಿ ಬೆಲ್ಟ್ ಓಡಿಸಿ

ಗಾರ್ಡ್ ಹಾಕಿ, ಎಲ್ಲರೂ ಪಕ್ಕಕ್ಕೆ ಸರಿದ ಮೇಲೆ ಖಾಲಿ ಬೆಲ್ಟ್ ಸ್ಟಾರ್ಟ್ ಮಾಡಿ. ಕಪ್ಲಿಂಗ್ ಸುತ್ತಳತೆಯ ನೇರಕ್ಕೆ ಯಾರೂ ನಿಲ್ಲಬಾರದು. ಪ್ಲಗ್ ಹೋದರೆ ಆಯಿಲ್ ಆ ಕಡೆಗೇ ಎಸೆಯಲ್ಪಡುತ್ತದೆ. ಸೋರಿಕೆ, ಅದುರುವಿಕೆ, ಸದ್ದು ನೋಡಿ. ಹದಿನೈದು ನಿಮಿಷ ಓಡಿಸಿದರೆ ಸಾಕು. ಇಲ್ಲಿ ಎಲ್ಲಾ ಚೆನ್ನಾಗಿ ಕಂಡಿತೆಂದು ಕೆಲಸ ಮುಗಿಸಬೇಡಿ. ಖಾಲಿ ಬೆಲ್ಟ್ ಆಯಿಲ್ ಪ್ರಮಾಣದ ಬಗ್ಗೆ ಏನೂ ಹೇಳುವುದಿಲ್ಲ.

## ಹಂತ 6: ಲೋಡ್‌ನಲ್ಲಿ ಸ್ಟಾರ್ಟ್ ಮಾಡಿ, ಕರೆಂಟ್ ಓದಿ

ನಿಜವಾದ ಪರೀಕ್ಷೆ ಇದು. ಬೆಲ್ಟ್ ಮೇಲೆ ಪೂರ್ತಿ ಅದಿರು ಇರುವಾಗ ನಿಲ್ಲಿಸಿ. ಒಬ್ಬರು ಕ್ಲಾಂಪ್ ಮೀಟರ್ ಹಿಡಿಯಲಿ, ಇನ್ನೊಬ್ಬರು ಬೆಲ್ಟ್ ನೋಡುತ್ತಾ ಸ್ಟಾಪ್‌ವಾಚ್ ಒತ್ತಲಿ.

ನಮ್ಮ 110 ಕಿಲೋವ್ಯಾಟ್ ಮೋಟಾರ್‌ನ ಪೂರ್ತಿ ಕರೆಂಟ್ 415 ವೋಲ್ಟ್‌ನಲ್ಲಿ ಸುಮಾರು 190 ಆಂಪಿಯರ್. ಸ್ವಿಚ್ ಹಾಕಿದಾಗ ಅದರ ಐದಾರು ಪಟ್ಟು ಏರಿ, ಒಂದೆರಡು ಸೆಕೆಂಡಿನಲ್ಲೇ ಧೊಪ್ಪನೆ ಇಳಿಯಬೇಕು. ಇಳಿದು ಒಂದು ಮಟ್ಟದಲ್ಲಿ ಕೆಲವು ಸೆಕೆಂಡ್ ನಿಲ್ಲುತ್ತದೆ. ಆಗ ಬೆಲ್ಟ್ ವೇಗ ಹಿಡಿಯುತ್ತಿರುತ್ತದೆ. ಬೆಲ್ಟ್ ಪೂರ್ತಿ ವೇಗಕ್ಕೆ ಬಂದ ಮೇಲೆ ಸುಮಾರು 155ಕ್ಕೆ ಇಳಿದು ಸ್ಥಿರವಾಗುತ್ತದೆ.

ನಡುವಿನ ಆ ಮಟ್ಟವನ್ನು ಗಮನಿಸಿ. ಕಪ್ಲಿಂಗ್ ಎಷ್ಟು ಟಾರ್ಕ್ ಕೊಡುತ್ತಿದೆ ಎಂಬುದನ್ನು ಅಂದಾಜಾಗಿ ಅದೇ ಹೇಳುತ್ತದೆ. 225ರಿಂದ 265 ಆಂಪಿಯರ್ ಇದ್ದರೆ ಟಾರ್ಕ್ ಶೇ. 120ರಿಂದ 140ರ ಆಸುಪಾಸು. 300 ದಾಟಿದರೆ ಆಯಿಲ್ ಜಾಸ್ತಿ. 190ರ ಹತ್ತಿರವೇ ನಿಂತು ಬೆಲ್ಟ್ ತೆವಳುತ್ತಿದ್ದರೆ ಆಯಿಲ್ ಕಡಿಮೆ.

ಡಿಲೇ ಚೇಂಬರ್ ಇರುವ ಕಪ್ಲಿಂಗ್ ಆದರೆ ಈ ಮಟ್ಟ ಒಂದೇ ಸಲಕ್ಕೆ ಬರುವುದಿಲ್ಲ. ನಿಂತಿರುವಾಗ ಆಯಿಲ್‌ನ ಒಂದು ಪಾಲು ಆ ಚೇಂಬರ್‌ನಲ್ಲಿ ಇರುತ್ತದೆ, ಸ್ಟಾರ್ಟ್ ಆದ ಮೇಲೆ ಸಣ್ಣ ತೂತುಗಳಿಂದ ನಿಧಾನವಾಗಿ ಒಳಕ್ಕೆ ಬರುತ್ತದೆ. ಕರೆಂಟ್ ಕೂಡ ನಿಧಾನವಾಗಿ ಏರುತ್ತದೆ. ಕೆಲವು ಸೆಕೆಂಡ್ ಬೆಲ್ಟ್ ಅಲುಗಲಿಲ್ಲವೆಂದು ಗಾಬರಿಯಾಗಿ ಸ್ಟಾಪ್ ಒತ್ತಬೇಡಿ.

ಬದಲಾಯಿಸುವಾಗ ಒಂದು ಸಲಕ್ಕೆ ಅರ್ಧ ಲೀಟರ್ ದಾಟಬೇಡಿ. ಸಣ್ಣ ಕಪ್ಲಿಂಗ್ ಆದರೆ ಇನ್ನೂ ಕಡಿಮೆ. ಪ್ರತಿ ಸಲ ನಿಲ್ಲಿಸಿ, ಬೀಗ ಹಾಕಿ, ತಣ್ಣಗಾದ ಮೇಲೆಯೇ ಬಿಚ್ಚಿ. ಇದಕ್ಕೆ ಒಂದು ಪೂರ್ತಿ ಶಿಫ್ಟ್ ಬೇಕಾಗಬಹುದು. ಪ್ರೊಡಕ್ಷನ್‌ನವರ ಹತ್ತಿರ ಮೊದಲೇ ಟೈಮ್ ಕೇಳಿಟ್ಟುಕೊಳ್ಳಿ.

## ಹಂತ 7: ಓಡುವಾಗಿನ ಸ್ಲಿಪ್ ಮತ್ತು ಬಿಸಿ

ಲೋಡ್‌ನಲ್ಲಿ ಎರಡು ಗಂಟೆ ಓಡಿದ ಮೇಲೆ ಎರಡೂ ಕಡೆಯ ವೇಗ ಅಳೆಯಿರಿ. ರಿಫ್ಲೆಕ್ಟರ್ ಪಟ್ಟಿಯನ್ನು ನಿಂತಿರುವಾಗಲೇ ಅಂಟಿಸಿ, ಗಾರ್ಡ್ ಜಾಲರಿಯ ಹೊರಗಿನಿಂದ ಓದಿ. ಮೋಟಾರ್ ಕಡೆ 1485, ಗೇರ್‌ಬಾಕ್ಸ್ ಕಡೆ 1440 ಬಂದರೆ ವ್ಯತ್ಯಾಸ 45. ಅಂದರೆ ಸ್ಲಿಪ್ ಶೇ. 3. 88 ಕಿಲೋವ್ಯಾಟ್‌ನ ಶೇ. 3 ಎಂದರೆ 2.6 ಕಿಲೋವ್ಯಾಟ್ ಬಿಸಿ. ಇಷ್ಟು ಬಿಸಿಯನ್ನು ಕಪ್ಲಿಂಗ್ ಸುತ್ತಲಿನ ಗಾಳಿಗೆ ಬಿಟ್ಟುಕೊಡುತ್ತಾ ಒಂದು ಮಟ್ಟದಲ್ಲಿ ನಿಲ್ಲಬೇಕು.

ತಾಪಮಾನ ನೋಡುವಾಗ ಒಂದು ಎಚ್ಚರಿಕೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಕಪ್ಲಿಂಗ್ ಮೇಲೆ ಸುತ್ತಲೂ ಮಂಕಾದ ಕಪ್ಪು ಪೇಂಟ್‌ನ ಪಟ್ಟಿ ಬಳಿದು, ಅದರ ಮೇಲೆ ಅಳೆಯಿರಿ.

ಈಗ ನಮ್ಮ ಬಿಸಿಲನ್ನು ಲೆಕ್ಕಕ್ಕೆ ತನ್ನಿ. 2.6 ಕಿಲೋವ್ಯಾಟ್‌ಗೆ ನಿಮ್ಮ ಕಪ್ಲಿಂಗ್ ಸುತ್ತಲಿನ ಗಾಳಿಗಿಂತ 40 ಡಿಗ್ರಿ ಮೇಲೆ ನಿಲ್ಲುತ್ತದೆ ಎಂದುಕೊಳ್ಳಿ. ಜನವರಿಯ ಬೆಳಗಿನ 20 ಡಿಗ್ರಿಯಲ್ಲಿ ಅದು 60. ಮೇ ತಿಂಗಳ 42 ಡಿಗ್ರಿಯಲ್ಲಿ 82. ಆಯಿಲ್ ಕಡಿಮೆಯಾಗಿ ಸ್ಲಿಪ್ ಶೇ. 5ಕ್ಕೆ ಹೋದರೆ ಬಿಸಿ 4.4 ಕಿಲೋವ್ಯಾಟ್, ಗಾಳಿಗಿಂತ ಸುಮಾರು 68 ಡಿಗ್ರಿ ಮೇಲೆ. ಮೇ ತಿಂಗಳಲ್ಲಿ ಅದು 110. ಪ್ಲಗ್ 140 ಡಿಗ್ರಿಯದಾದರೆ ಉಳಿದದ್ದು ಬರೀ 30 ಡಿಗ್ರಿ. ಚಳಿಗಾಲದಲ್ಲಿ ಏನೂ ತೊಂದರೆ ಕೊಡದ ಕಪ್ಲಿಂಗ್ ಬೇಸಿಗೆಯ ಮಧ್ಯಾಹ್ನ ಕೈಕೊಡುವುದು ಹೀಗೆ.

ಕೆಂಪು ಧೂಳನ್ನೂ ಮರೆಯಬೇಡಿ. ಗಾರ್ಡ್‌ನ ಜಾಲರಿಗೆ, ಕಪ್ಲಿಂಗ್‌ನ ಪಟ್ಟಿಗಳ ನಡುವೆ ಅದಿರಿನ ಪುಡಿ ಕೂತರೆ ಬಿಸಿ ಹೊರಗೆ ಹೋಗುವುದಿಲ್ಲ. ಧೂಳು ಬೀಳದಿರಲಿ ಎಂದು ಗಾರ್ಡ್‌ಗೆ ತಗಡು ಮುಚ್ಚುವವರಿದ್ದಾರೆ. ಅದು ಗಾಳಿಯನ್ನೂ ತಡೆಯುತ್ತದೆ. ಜಾಲರಿಯೇ ಇರಲಿ, ವಾರಕ್ಕೊಮ್ಮೆ ನಿಲ್ಲಿಸಿ ಸ್ವಚ್ಛ ಮಾಡಿ.

## ಹಂತ 8: ರೀಸ್ಟಾರ್ಟ್‌ಗೆ ಮಿತಿ, ಟ್ರಿಪ್‌ಗೆ ಟೈಮರ್

ಉದಾಹರಣೆಯ ಕಪ್ಲಿಂಗ್‌ನ ಲೋಹ ಮತ್ತು ಆಯಿಲ್ ಸೇರಿ ಒಂದು ಡಿಗ್ರಿ ಏರಲು ಸುಮಾರು 88 ಕಿಲೋಜೂಲ್ ಬೇಕು ಎಂದುಕೊಳ್ಳೋಣ. ಒಂದು ಸ್ಟಾರ್ಟ್‌ಗೆ 720 ಕಿಲೋಜೂಲ್ ಅಂದರೆ 8 ಡಿಗ್ರಿ. ಇದು ಸರಾಸರಿ. ಆಯಿಲ್ ಲೋಹಕ್ಕಿಂತ ಮೊದಲು ಬಿಸಿಯಾಗುತ್ತದೆ, ಹಾಗಾಗಿ ಪ್ಲಗ್ ಹತ್ತಿರ ಇನ್ನೂ ಹೆಚ್ಚು. ಗಂಟೆಗೆ ಹತ್ತು ಸಲ ಸ್ಟಾರ್ಟ್ ಮಾಡಿದರೆ ಸರಾಸರಿ 2 ಕಿಲೋವ್ಯಾಟ್ ಹೆಚ್ಚುವರಿ ಬಿಸಿ. ಓಡುವಾಗಿನ 2.6ರ ಜೊತೆ ಸೇರಿ ಸುಮಾರು ಎರಡು ಪಟ್ಟಾಯಿತಲ್ವಾ? ಲೋಡ್ ಬೆಲ್ಟ್ ಎರಡು ಸಲ ಸ್ಟಾರ್ಟ್ ಆಗದಿದ್ದರೆ ಮೂರನೆಯ ಸಲ ಬಟನ್ ಒತ್ತಬೇಡಿ. ಚ್ಯೂಟ್ ಜಾಮ್ ಆಗಿದೆಯೇ, ಮಳೆಗಾಲದಲ್ಲಿ ಒದ್ದೆ ಪುಡಿ ಟೇಲ್ ಪುಲ್ಲಿಗೆ ಅಂಟಿದೆಯೇ ನೋಡಿ. ಬೇಕಾದರೆ ಸಲಿಕೆಯಿಂದ ಸ್ವಲ್ಪ ಅದಿರು ಇಳಿಸಿ.

ಬೆಲ್ಟ್ ಪೂರ್ತಿ ಸಿಕ್ಕಿಕೊಂಡು ಕಪ್ಲಿಂಗ್ ಶೇ. 140 ಟಾರ್ಕ್‌ನಲ್ಲಿ ಸುಮ್ನೆ ಸುತ್ತಿದರೆ 154 ಕಿಲೋವ್ಯಾಟ್ ಪೂರ್ತಿ ಬಿಸಿ. ಸೆಕೆಂಡಿಗೆ ಪೌಣೇ ಎರಡು ಡಿಗ್ರಿ. 82 ಡಿಗ್ರಿಯಿಂದ 140ಕ್ಕೆ ಹೆಚ್ಚೆಂದರೆ 33 ಸೆಕೆಂಡ್, 110ರಿಂದ ಆದರೆ 17.

ಮೋಟಾರ್‌ನ ಓವರ್‌ಲೋಡ್ ರಿಲೇ ಕಾಪಾಡುತ್ತದೆ ಎಂದುಕೊಳ್ಳುವುದು ದೊಡ್ಡ ತಪ್ಪು. ಆಗ ಕರೆಂಟ್ ಒಂದೂವರೆ ಪಟ್ಟಿನೊಳಗೇ ಇರುತ್ತದೆ. ಕ್ಲಾಸ್ 10 ರಿಲೇ ಆ ಕರೆಂಟಿಗೆ ಟ್ರಿಪ್ ಆಗಲು 4 ನಿಮಿಷದವರೆಗೂ ತೆಗೆದುಕೊಳ್ಳಬಹುದು. ಅಷ್ಟರಲ್ಲಿ ಪ್ಲಗ್ ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

ಬೇಕಾದದ್ದು ಟೇಲ್ ಪುಲ್ಲಿಯ ಝೀರೋ ಸ್ಪೀಡ್ ಸ್ವಿಚ್. ಸ್ಟಾರ್ಟ್ ಸಮಯದಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲು ಒಂದು ಟೈಮರ್ ಇರುತ್ತದೆ. ಅದನ್ನು ನೀವು ಸ್ಟಾಪ್‌ವಾಚ್‌ನಲ್ಲಿ ಅಳೆದ ಲೋಡ್ ಸ್ಟಾರ್ಟ್ ಸಮಯದ ಒಂದೂವರೆ ಪಟ್ಟಿಗೆ ಇಡಿ. ನಮ್ಮ 11 ಸೆಕೆಂಡಿಗೆ 16ರಿಂದ 17. ಟ್ರಿಪ್ ಕಿರಿಕಿರಿ ತಪ್ಪಿಸಲು ಇದನ್ನು 60 ಸೆಕೆಂಡಿಗೆ ಏರಿಸಿಟ್ಟಿರುವ ಪ್ಯಾನೆಲ್‌ಗಳಿವೆ. ಅಲ್ಲಿ ಸ್ವಿಚ್ ಇದ್ದೂ ಇಲ್ಲದಂತೆ. ಸಾಧ್ಯವಿದ್ದರೆ ಥರ್ಮಲ್ ಟ್ರಿಪ್ ಕೂಡ ಹಾಕಿಸಿ. ಪ್ಲಗ್‌ಗಿಂತ ಕಡಿಮೆ ತಾಪಮಾನದಲ್ಲೇ ಅದರ ಪಿನ್ ಹೊರಬಂದು ಸ್ವಿಚ್‌ಗೆ ತಾಗಿ ಮೋಟಾರ್ ನಿಲ್ಲಿಸುತ್ತದೆ. ಆಯಿಲ್ ಒಳಗೇ ಉಳಿಯುತ್ತದೆ.

## ಪ್ಲಗ್ ಕರಗಿದರೆ

ಪ್ಲಗ್ ಜಾಗಕ್ಕೆ ಬೋಲ್ಟ್ ಹಾಕಬೇಡಿ. ಹೆಚ್ಚಿನ ತಾಪಮಾನದ ಪ್ಲಗ್ ಕೂಡ ಬೇಡ. ಕರಗಲು ಜಾಗ ಇಲ್ಲದಿದ್ದರೆ ಒತ್ತಡ ಏರಿ ಕವಚ ಒಡೆಯುತ್ತದೆ, 1480 ಆರ್‌ಪಿಎಂನಲ್ಲಿ ಹಾರುವ ಆ ತುಂಡುಗಳ ಎದುರು ಗಾರ್ಡ್ ನಿಲ್ಲುವುದಿಲ್ಲ. ಸುತ್ತ ಚೆಲ್ಲಿದ ಆಯಿಲ್ ಒರೆಸುವವರೆಗೆ ಅಲ್ಲಿ ವೆಲ್ಡಿಂಗ್, ಗ್ಯಾಸ್ ಕಟಿಂಗ್ ನಿಲ್ಲಿಸಿ.

ಕಾರಣ ಹುಡುಕಲು ಮೊದಲ ಪ್ರಶ್ನೆ: ಕರಗಿದ್ದು ಯಾವಾಗ? ಸ್ಟಾರ್ಟ್ ಆಗುವಾಗ ಕರಗಿದರೆ ಬೆಲ್ಟ್ ಸಿಕ್ಕಿಕೊಂಡಿತ್ತು, ಅಥವಾ ಪದೇ ಪದೇ ರೀಸ್ಟಾರ್ಟ್ ಆಗಿದೆ, ಅಥವಾ ಟೈಮರ್ ಉದ್ದ ಇದೆ. ಗಂಟೆಗಟ್ಟಲೆ ಓಡಿದ ಮೇಲೆ ಕರಗಿದರೆ ಆಯಿಲ್ ಕಡಿಮೆ, ತಪ್ಪು ದರ್ಜೆಯ ಆಯಿಲ್, ಗಾಳಿ ಆಡದ ಗಾರ್ಡ್, ಇಲ್ಲವೇ ಲೋಡ್ ಜಾಸ್ತಿ. ಕಲ್ಲಿದ್ದಲಿಗೆ ಮಾಡಿದ ಬೆಲ್ಟ್‌ನಲ್ಲಿ ಅದಿರು ಅದೇ ಎತ್ತರಕ್ಕೆ ತುಂಬಿದರೆ ತೂಕ ಎರಡು ಪಟ್ಟು ದಾಟುತ್ತದೆ ಎನ್ನುವುದು ನೆನಪಿರಲಿ.

ಡ್ರೈವ್ ಪುಲ್ಲಿ ತಿರುಗುತ್ತಿದ್ದು ಬೆಲ್ಟ್ ನಿಂತಿದ್ದರೆ ಅದು ಕಪ್ಲಿಂಗ್ ತೊಂದರೆ ಅಲ್ಲ. ಪುಲ್ಲಿ ಲ್ಯಾಗಿಂಗ್ ಸವೆದಿದೆ ಅಥವಾ ಟೇಕ್‌ಅಪ್ ತೂಕ ಸಾಲದು. ಪುಲ್ಲಿಯೂ ನಿಂತಿದ್ದು ಮೋಟಾರ್ ಮಾತ್ರ ತಿರುಗುತ್ತಿದ್ದರೆ ಕಪ್ಲಿಂಗ್ ಕಡೆ ಬನ್ನಿ.

ಹೊಸ ಆಯಿಲ್ ತುಂಬುವ ಮುಂಚೆ ಒಳಗೆ ಉಳಿದದ್ದನ್ನು ನೋಡಿ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ತೆಳು ಆಯಿಲ್‌ನಿಂದ ಒಮ್ಮೆ ತೊಳೆದು ಬಸಿಯಿರಿ. ಸೀಲ್‌ಗಳು ಬಿಸಿಗೆ ಗಟ್ಟಿಯಾಗಿರಬಹುದು, ಬದಲಿಸುವುದೇ ಒಳ್ಳೆಯದು. ಡಿಲೇ ಚೇಂಬರ್‌ನ ತೂತುಗಳಲ್ಲಿ ಮಸಿ ಕಟ್ಟಿಕೊಂಡಿದ್ದರೆ ಬಿಡಿಸಿ. ಆಮೇಲೆ ಅದೇ ತಾಪಮಾನದ ಪ್ಲಗ್ ಹಾಕಿ, ಗುರುತು ಮಾಡಿದ ಕೋನದವರೆಗೆ ಅಳೆದು ತುಂಬಿ, ಹಂತ 5ರಿಂದ ಮತ್ತೆ ಶುರು ಮಾಡಿ. ಹಾಕಿದ ಲೀಟರ್, ನಡುವಿನ ಕರೆಂಟ್, ಸ್ಟಾರ್ಟ್ ಸಮಯ, ಸ್ಲಿಪ್, ಆ ದಿನದ ಬಿಸಿಲು, ಈ ಐದನ್ನೂ ಡ್ರೈವ್ ಪಕ್ಕದ ಬೋರ್ಡ್ ಮೇಲೆ ಬರೆದಿಡಿ. ಮುಂದಿನ ಶಿಫ್ಟ್‌ನ ಫಿಟ್ಟರ್ ಅದನ್ನೇ ನೋಡಿ ಹೋಲಿಸುತ್ತಾರೆ.